ಗ್ರಾಹಕರ ಕಾಮೆಂಟ್‌ಗೆ ಕೊಟ್ಟ ಸಲಿಗೆಯ ಉತ್ತರವನ್ನು ವೃತ್ತಿಪರವಾಗಿ ತಿದ್ದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಈ ಕೆಲಸ ಬಹುತೇಕ ಒಂದೇ ಕಡೆ ಕೆಡುತ್ತದೆ. ‘ಸಾರಿ’ ಇದ್ದಲ್ಲಿ ‘ವಿಷಾದಿಸುತ್ತೇವೆ’ ಎಂದು ಬರೆಯುತ್ತಾರೆ, ‘ನೋಡುತ್ತೇವೆ’ ಇದ್ದಲ್ಲಿ ‘ಪರಿಶೀಲಿಸಲಾಗುವುದು’ ಎಂದು ಹಾಕುತ್ತಾರೆ, ಎಮೋಜಿ ಅಳಿಸುತ್ತಾರೆ. ಅಲ್ಲಿಗೆ ಉತ್ತರ ವೃತ್ತಿಪರವಾಯಿತು ಎಂದುಕೊಳ್ಳುತ್ತಾರೆ. ಎರಡು ದಿನ ಕಳೆದ ಮೇಲೆ ಅದೇ ಗ್ರಾಹಕರು ಅದರ ಕೆಳಗೆ ‘ಇದನ್ನೇ ಮೊನ್ನೆಯೂ ಹೇಳಿದಿರಿ’ ಎಂದು ಬರೆದಿರುತ್ತಾರೆ. ಹಳೆಯ ಉತ್ತರದ ಒಳಗೆ ಹುರುಳಿರಲಿಲ್ಲ. ಪದ ಬದಲಿಸಿದ ಮಾತ್ರಕ್ಕೆ ಅದು ಬಂದು ಸೇರಲಿಲ್ಲ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಪದಗಳನ್ನು ಮುಟ್ಟುವುದು ನಾಲ್ಕನೆಯ ಹಂತದಲ್ಲಿ. ಅದಕ್ಕೂ ಮುಂಚಿನ ಮೂರು ಹಂತಗಳನ್ನು ಹಾರಿ ನೇರವಾಗಿ ತಿದ್ದಲು ಕುಳಿತವರೇ ಮತ್ತೆ ಮತ್ತೆ ಸೋಲುವುದನ್ನು ನಾನು ನೋಡಿದ್ದೇನೆ. ದೂರಿನ ಕಾಮೆಂಟ್‌ಗಳಿಗೆ ಕೊಡುವ ಉತ್ತರಗಳೇ ಇಲ್ಲಿ ಮುಖ್ಯ. ಹೊಗಳಿಕೆಗೆ ಕೊಡುವ ಉತ್ತರ ಸ್ವಲ್ಪ ಸಡಿಲವಾಗಿದ್ದರೂ ಯಾರಿಗೂ ನಷ್ಟವಿಲ್ಲ.

## ಆರಂಭಿಸುವ ಮುನ್ನ ಕೈಯಲ್ಲಿರಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್ ಸಾಕು. ವಿಶೇಷ ತಂತ್ರಾಂಶ ಬೇಕಿಲ್ಲ. ಅದಕ್ಕಿಂತ ಮುಖ್ಯವಾದದ್ದು ಆರ್ಡರ್, ಪಾವತಿ ಮತ್ತು ದೂರುಗಳ ದಾಖಲೆ ನೋಡುವ ಅನುಮತಿ. ಅದು ನಿಮಗೆ ಇಲ್ಲದಿದ್ದರೆ, ಕೇಳಿದ ದಿನವೇ ದಾಖಲೆ ನೋಡಿ ಹೇಳಬಲ್ಲ ಒಬ್ಬರು ಜೊತೆಗಿರಬೇಕು. ಗ್ರಾಹಕರ ಹಣಕ್ಕೆ ಏನಾಗಿದೆ ಎಂದು ಗೊತ್ತಿಲ್ಲದವರು ಬರೆದ ಉತ್ತರ ಎಷ್ಟೇ ನಯವಾಗಿದ್ದರೂ ಊಹೆಯೇ.

ಇನ್ನೊಬ್ಬರೂ ಬೇಕು: ‘ಇದು ನಮ್ಮ ತಪ್ಪು ಎಂದು ಬರೆಯಬಹುದು’ ಎಂದು ಒಪ್ಪಿಗೆ ಕೊಡುವ ಅಧಿಕಾರವಿರುವವರು. ಇವರಿಲ್ಲದ ತಂಡದಲ್ಲಿ ಪ್ರತಿಯೊಂದು ಉತ್ತರವೂ ಕೊನೆಗೆ ‘ಪರಿಶೀಲಿಸುತ್ತಿದ್ದೇವೆ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ.

## ಹಂತ 1: ಹಳೆಯ ಉತ್ತರಗಳನ್ನು ಕಾಮೆಂಟ್ ಸಮೇತ ಒಂದೆಡೆ ತನ್ನಿ

ಇತ್ತೀಚಿನ 50 ಉತ್ತರಗಳನ್ನು ತೆಗೆದುಕೊಳ್ಳಿ. ಕೆಟ್ಟವನ್ನು ಮಾತ್ರ ಆರಿಸಬೇಡಿ. ದಿನಾಂಕದ ಪ್ರಕಾರ ಸಾಲಾಗಿ ಬಂದದ್ದೆಲ್ಲವನ್ನೂ ಸೇರಿಸಿ. ಆರಿಸಲು ಹೊರಟರೆ ನಮ್ಮ ಕಣ್ಣು ಎಮೋಜಿ ಇರುವ, ವ್ಯಾಕರಣ ತಪ್ಪಿದ ಉತ್ತರಗಳ ಮೇಲೆ ಮಾತ್ರ ಬೀಳುತ್ತದೆ. ಅಚ್ಚುಕಟ್ಟಾಗಿ ಕಾಣುವ ಟೊಳ್ಳು ಉತ್ತರಗಳು ತಪ್ಪಿಸಿಕೊಳ್ಳುತ್ತವೆ.

ಹಾಳೆಯಲ್ಲಿ ಐದು ಕಾಲಂ ಇರಲಿ: ಗ್ರಾಹಕರ ಕಾಮೆಂಟ್, ನಾವು ಕೊಟ್ಟ ಉತ್ತರ, ಅದರ ನಂತರ ಗ್ರಾಹಕರು ಬರೆದದ್ದು, ದಾಖಲೆಯಲ್ಲಿ ಕಂಡ ವಾಸ್ತವ, ಹೊಸ ಉತ್ತರ. ಮೂರನೆಯ ಕಾಲಂ ಬಿಡುವವರೇ ಹೆಚ್ಚು, ಆದರೆ ಹೆಚ್ಚು ಕಲಿಸುವುದು ಅದೇ. ಉತ್ತರ ಕೆಲಸ ಮಾಡಿತೋ ಇಲ್ಲವೋ ಎಂಬುದು ಅದರ ಕೆಳಗೆ ಬಂದ ಮಾತಿನಲ್ಲಿ ಗೊತ್ತಾಗುತ್ತದೆ. ಗ್ರಾಹಕರ ಹೆಸರು, ಫೋನ್ ಸಂಖ್ಯೆ, ವಿಳಾಸ ಇವನ್ನು ಈ ಹಾಳೆಗೆ ನಕಲು ಮಾಡಬೇಡಿ. ಹತ್ತು ಜನರ ಕೈಗೆ ಹೋಗುವ ಕಡತ ಇದು.

## ಹಂತ 2: ಉತ್ತರವನ್ನು ಒಡೆದು ಒಳಗೆ ಏನಿದೆ ಎಂದು ನೋಡಿ

ಪ್ರತಿ ಹಳೆಯ ಉತ್ತರಕ್ಕೂ ನಾಲ್ಕು ಪ್ರಶ್ನೆ ಕೇಳಿ. ಗ್ರಾಹಕರು ಹೇಳಿದ ನಿರ್ದಿಷ್ಟ ವಿಷಯ ಇದರಲ್ಲಿ ಬಂದಿದೆಯೇ? ನಮಗೆ ತಿಳಿದಿರುವ ಒಂದಾದರೂ ವಾಸ್ತವ ಇದೆಯೇ? ನಾವು ಮಾಡಿದ ಅಥವಾ ಮಾಡಲಿರುವ ಒಂದು ಕೆಲಸ ಇದೆಯೇ? ಅದು ಯಾವಾಗ ಮುಗಿಯುತ್ತದೆ ಎಂದಿದೆಯೇ? ಉಳಿದದ್ದೆಲ್ಲ ಮರ್ಯಾದೆಯ ಮಾತು. ಬೇಡವೆಂದಲ್ಲ, ಆದರೆ ಅದು ಉತ್ತರವಲ್ಲ.

ಒಂದು ಪ್ರಸಂಗವನ್ನೇ ಹಿಡಿದು ಕೊನೆಯವರೆಗೂ ಹೋಗೋಣ. ಆನ್‌ಲೈನ್‌ನಲ್ಲಿ ಎಲೆಕ್ಟ್ರಾನಿಕ್ ವಸ್ತು ಮಾರುವ ಒಂದು ಸಂಸ್ಥೆಯ ಪೋಸ್ಟ್ ಕೆಳಗೆ ಈ ಕಾಮೆಂಟ್ ಬಂದಿದೆ ಎಂದುಕೊಳ್ಳಿ:

> ಹೆಡ್‌ಫೋನ್ ವಾಪಸ್ ಕಳುಹಿಸಿ ಇಂದಿಗೆ 16 ದಿನ. ಹಣ ಬಂದಿಲ್ಲ. ಮೂರು ಸಲ ಕೇಳಿದೆ, ಮೂವರು ಮೂರು ಉತ್ತರ ಕೊಟ್ಟರು.

ಇದಕ್ಕೆ ತಂಡ ಕೊಟ್ಟ ಉತ್ತರ ಹೀಗಿದೆ, ಕೊನೆಯಲ್ಲಿ ಹಲ್ಲು ಕಿರಿಯುವ ಎಮೋಜಿ ಬೇರೆ:

> ಅಯ್ಯೋ ಸಾರಿ ಸರ್!! ಬ್ಯಾಂಕ್‌ನವರು ತಡ ಮಾಡಿರಬೇಕು ಬಿಡಿ, ಇನ್ನೆರಡು ದಿನ ನೋಡಿ, ಬಂದೇ ಬರುತ್ತದೆ. ಇನ್‌ಬಾಕ್ಸ್‌ಗೆ ಬನ್ನಿ, ಮಾತಾಡೋಣ!

ನಾಲ್ಕು ಪ್ರಶ್ನೆ ಕೇಳಿ ನೋಡಿ. 16 ದಿನ, ಮೂರು ಬೇರೆ ಬೇರೆ ಉತ್ತರ ಎಂಬ ಎರಡು ಗಟ್ಟಿ ದೂರುಗಳಲ್ಲಿ ಒಂದನ್ನೂ ಮುಟ್ಟಿಲ್ಲ. ವಾಸ್ತವ ಎಂದರೆ ‘ತಡ ಮಾಡಿರಬೇಕು’ ಎಂಬ ಊಹೆ ಮಾತ್ರ. ಕೆಲಸ ಮಾಡಬೇಕಾದವರು ಗ್ರಾಹಕರೇ: ಕಾಯಬೇಕು, ಇನ್‌ಬಾಕ್ಸ್‌ಗೆ ಬರಬೇಕು. ‘ಇನ್ನೆರಡು ದಿನ’ ಎಂಬ ಗಡುವು ಬ್ಯಾಂಕಿನ ಪರವಾಗಿ ನಾವು ಕೊಟ್ಟದ್ದು, ಅದನ್ನು ಕೊಡುವ ಹಕ್ಕು ನಮಗಿಲ್ಲ. ಹಾಳೆಯ ನಾಲ್ಕನೆಯ ಕಾಲಂ ಖಾಲಿ.

ಈಗ ದಾಖಲೆ ತೆಗೆಯಿರಿ. ಹೆಡ್‌ಫೋನ್ ಜೂನ್ 2ರಂದು ಕೊರಿಯರ್‌ಗೆ ಸೇರಿದೆ, 7ರಂದು ಗೋದಾಮು ತಲುಪಿದೆ, 8ರಂದು ಪರೀಕ್ಷೆ ಮುಗಿದಿದೆ. ಆದರೆ ಮರುಪಾವತಿಯ ಆದೇಶ ದಾಖಲಾಗಿಯೇ ಇಲ್ಲ. ಕಾಮೆಂಟ್ ಬಂದದ್ದು 18ರಂದು. ಅಂದರೆ ಹತ್ತು ದಿನದಿಂದ ಹಣ ನಮ್ಮಲ್ಲಿಯೇ ಕುಳಿತಿದೆ, ಬ್ಯಾಂಕಿಗೆ ಈ ವಿಷಯ ಗೊತ್ತೇ ಇಲ್ಲ.

ಸಲಿಗೆಯ ಉತ್ತರಗಳ ನಿಜವಾದ ಅಪಾಯ ಇಲ್ಲಿದೆ. ‘ಇರಬೇಕು ಬಿಡಿ’ ಎಂಬ ಲಘು ಧಾಟಿಯಲ್ಲಿ ಸುಳ್ಳು ಸುಲಭವಾಗಿ ನುಸುಳುತ್ತದೆ, ಬರೆದವರಿಗೂ ಅದು ಸುಳ್ಳು ಎಂದು ಅನಿಸುವುದಿಲ್ಲ. ಇದೇ ವಾಕ್ಯವನ್ನು ‘ಬ್ಯಾಂಕ್ ಪ್ರಕ್ರಿಯೆಯಲ್ಲಿ ವಿಳಂಬವಾಗಿದೆ’ ಎಂದು ತಿದ್ದಿದ್ದರೆ ಊಹೆಯಾಗಿದ್ದದ್ದು ಸಂಸ್ಥೆಯ ಅಧಿಕೃತ ಹೇಳಿಕೆಯಾಗಿ ಬಿಡುತ್ತಿತ್ತು. ದಾಖಲೆ ನೋಡದೆ ಭಾಷೆ ತಿದ್ದುವುದಕ್ಕಿಂತ ಹಳೆಯ ಉತ್ತರವನ್ನು ಹಾಗೆಯೇ ಬಿಡುವುದು ಮೇಲು.

## ಹಂತ 3: ದನಿಯ ತೀರ್ಮಾನಗಳನ್ನು ಒಂದು ಪುಟದಲ್ಲಿ ಬರೆದಿಡಿ

‘ಸ್ನೇಹಮಯ, ಆತ್ಮೀಯ, ವಿಶ್ವಾಸಾರ್ಹ’ ಎಂದು ಬರೆದಿಟ್ಟ ದನಿಯ ಕೈಪಿಡಿಗಳನ್ನು ಎಷ್ಟೋ ನೋಡಿದ್ದೇನೆ. ಉತ್ತರ ಬರೆಯಲು ಕುಳಿತವರಿಗೆ ಅವು ಯಾವ ಸಹಾಯವನ್ನೂ ಮಾಡುವುದಿಲ್ಲ. ಬೇಕಾದದ್ದು ಇಬ್ಬರು ಬೇರೆ ಬೇರೆ ಬರೆಯುವ ಜಾಗದಲ್ಲಿ ಒಂದನ್ನು ಗೊತ್ತುಪಡಿಸುವ ತೀರ್ಮಾನ. ಕನ್ನಡದಲ್ಲಿ ಅಂತಹ ಜಾಗಗಳು ಮುಖ್ಯವಾಗಿ ಐದು.

ಸಂಬೋಧನೆ. ‘ಸರ್’, ‘ಮೇಡಂ’ ಎಂದು ಬರೆದ ಕೂಡಲೇ ಪ್ರೊಫೈಲ್ ಚಿತ್ರ ನೋಡಿ ಊಹಿಸಬೇಕಾಗುತ್ತದೆ, ಊಹೆ ತಪ್ಪಿದಾಗ ಮುಜುಗರ. ಹೆಸರಿನ ಮುಂದೆ ‘ಅವರೇ’ ಸೇರಿಸಿದರೆ ಎಲ್ಲರಿಗೂ ಸಲ್ಲುತ್ತದೆ. ಪ್ರೊಫೈಲ್‌ನಲ್ಲಿ ಹೆಸರೇ ಇಲ್ಲದೆ ಏನೋ ಅಡ್ಡಹೆಸರಿದ್ದರೆ ‘ನಮಸ್ಕಾರ’ ಎಂದಷ್ಟೇ ಬರೆಯಿರಿ. ಎಲ್ಲ ಕಡೆ ‘ನೀವು’ ಇರಲಿ. ‘ತಾವು’ ಎಂದು ಆರಂಭಿಸಿ ‘ನಿಮ್ಮ’ ಎಂದು ಮುಗಿಸುವ ಉತ್ತರಗಳು ಬಹಳ, ಎರಡು ಕಡೆಯಿಂದ ಕತ್ತರಿಸಿ ಅಂಟಿಸಿದ್ದು ಅಲ್ಲಿಯೇ ಬಯಲಾಗುತ್ತದೆ. ಗ್ರಾಹಕರು ಏಕವಚನದಲ್ಲಿ ಬೈದಿದ್ದರೂ ನಮ್ಮದು ‘ನೀವು’.

ಯಾರು ಮಾಡುತ್ತಾರೆ ಎಂಬುದು. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’, ‘ಗಮನಕ್ಕೆ ತರಲಾಗಿದೆ’ ಇವೆಲ್ಲ ಮಾಡುವವರನ್ನು ಮರೆಮಾಡುವ ಕ್ರಿಯಾಪದಗಳು. ಪ್ರಕಟಣೆಯ ಫಲಕದ ಈ ಭಾಷೆಯನ್ನು ವೃತ್ತಿಪರತೆ ಎಂದು ತಪ್ಪು ತಿಳಿಯುವುದು ನಮ್ಮಲ್ಲಿ ತುಂಬ ಸಾಮಾನ್ಯ. ನನ್ನ ನಿಯಮ ಸರಳ: ಕೆಲಸ ನಮ್ಮದಾದರೆ ‘ನಾವು’ ಎಂದು ಹೇಳಬೇಕು, ಎಡವಿದ್ದು ಗ್ರಾಹಕರಾದರೆ ಅವರನ್ನು ವಾಕ್ಯದಿಂದ ಹೊರಗಿಡಬೇಕು. ‘ನೀವು ವಿಳಾಸ ತಪ್ಪು ಕೊಟ್ಟಿದ್ದೀರಿ’ ಎಂಬುದು ನಿಜವೇ ಇರಬಹುದು. ‘ಆರ್ಡರ್‌ನಲ್ಲಿ ನಮೂದಾಗಿರುವ ವಿಳಾಸದಲ್ಲಿ ಮನೆಯ ಸಂಖ್ಯೆ ಇಲ್ಲ’ ಎಂದರೂ ಅದೇ ನಿಜ ತಲುಪುತ್ತದೆ, ನೂರು ಜನರ ಎದುರು ಯಾರ ಮುಖವೂ ಸಪ್ಪಗಾಗುವುದಿಲ್ಲ.

ಸಣ್ಣ ಪ್ರತ್ಯಯಗಳು. ಕನ್ನಡದಲ್ಲಿ ಧಾಟಿ ಕೆಡುವುದು ದೊಡ್ಡ ಪದಗಳಿಂದಲ್ಲ, ಬಾಲಕ್ಕೆ ಅಂಟಿದ ಚಿಕ್ಕವುಗಳಿಂದ. ‘ಹೇಳಿದ್ದೆವಲ್ಲ’, ‘ನೀವೇ ಒಪ್ಪಿದ್ದಿರಿ’, ‘ನಿಯಮದಲ್ಲಿ ಇದೆ ತಾನೇ’, ‘ಅಷ್ಟೇ’, ‘ಬಿಡಿ’. ಮುಖಾಮುಖಿ ಮಾತಿನಲ್ಲಿ ನಗುತ್ತಾ ಹೇಳಿದರೆ ಇವು ಸಲಿಗೆಯಾಗುತ್ತವೆ. ಬರಹದಲ್ಲಿ ನಗು ಕಾಣುವುದಿಲ್ಲ, ಚುಚ್ಚು ಮಾತ್ರ ಉಳಿಯುತ್ತದೆ. ಗ್ರಾಹಕರಿಗೆ ಅಂಟಿದ ‘ಏ’ಕಾರವನ್ನು ಹುಡುಕಿ ತೆಗೆಯಿರಿ. ಅದೇ ‘ಏ’ಕಾರ ನಮಗೆ ಅಂಟಿದಾಗ ಬೇರೆ ಕೆಲಸ ಮಾಡುತ್ತದೆ: ‘ನಾವೇ ವಿಚಾರಿಸಿ ತಿಳಿಸುತ್ತೇವೆ’ ಎಂದರೆ ಹೊರೆ ನಮ್ಮ ಹೆಗಲಿಗೆ ಬಂತು. ಅದನ್ನು ಉಳಿಸಿಕೊಳ್ಳಿ.

ಕ್ಷಮೆಯ ಮೆಟ್ಟಿಲುಗಳು. ತಪ್ಪು ನಮ್ಮದೆಂದು ಖಚಿತವಾಗಿದ್ದರೆ ಯಾವುದಕ್ಕೆ ಎಂದು ಹೆಸರಿಸಿ ‘ಕ್ಷಮೆ ಕೋರುತ್ತೇವೆ’. ತೊಂದರೆ ನಿಜ, ಕಾರಣ ಇನ್ನೂ ಗೊತ್ತಿಲ್ಲ ಎಂದಾದರೆ ‘ನಿಮಗೆ ತೊಂದರೆಯಾಗಿದೆ, ಕಾರಣ ಹುಡುಕುತ್ತಿದ್ದೇವೆ’ ಎಂದಷ್ಟೇ. ತಪ್ಪು ನಮ್ಮದಲ್ಲ ಎಂದು ಗೊತ್ತಿದ್ದರೆ ಕ್ಷಮೆ ಬೇಡ, ವಿವರಣೆ ಸಾಕು. ಎಲ್ಲದಕ್ಕೂ ಕ್ಷಮೆ ಕೇಳುವ ಸಂಸ್ಥೆಗೆ ನಿಜವಾಗಿ ಕೇಳಬೇಕಾದ ದಿನ ಮಾತು ಉಳಿದಿರುವುದಿಲ್ಲ. ಮೂರರಲ್ಲಿಯೂ ನಿಷಿದ್ಧವಾದದ್ದು ‘ತೊಂದರೆಯಾಗಿದ್ದರೆ ಕ್ಷಮಿಸಿ’. ಆಗಿದೆ ಎಂದು ಅವರು ಹೇಳುತ್ತಿರುವಾಗ ‘ಆಗಿದ್ದರೆ’ ಎನ್ನುವುದು ಅವರನ್ನು ನಂಬುವುದಿಲ್ಲ ಎಂದಂತೆ.

ಒಂದು ವಸ್ತುವಿಗೆ ಒಂದು ಪದ. ಒಬ್ಬರು ‘ಡೆಲಿವರಿ’ ಎನ್ನುತ್ತಾರೆ, ಮತ್ತೊಬ್ಬರು ‘ವಿತರಣೆ’, ಇನ್ನೊಬ್ಬರು ‘ರವಾನೆ’. ಗ್ರಾಹಕರು ಹೆಚ್ಚಾಗಿ ಬಳಸುವ ಪದವನ್ನೇ ಆಯ್ದು ಪಟ್ಟಿ ಮಾಡಿ. ಆರ್ಡರ್, ಡೆಲಿವರಿ, ಇನ್‌ಬಾಕ್ಸ್ ಇವೆಲ್ಲ ಕನ್ನಡದ ಮಾತೇ ಆಗಿವೆ. ಶುದ್ಧತೆಯ ಹೆಸರಿನಲ್ಲಿ ‘ಆರ್ಡರ್’ ಬದಲು ‘ಬೇಡಿಕೆ’ ಎಂದರೆ ಓದಿದವರು ಯಾವ ಬೇಡಿಕೆ ಎಂದು ಕೇಳುತ್ತಾರೆ.

ಎಮೋಜಿಯ ಬಗ್ಗೆ ಹೆಚ್ಚು ಚರ್ಚೆ ಬೇಡ: ದೂರಿನ ಉತ್ತರದಲ್ಲಿ ಇಲ್ಲ, ಹೊಗಳಿಕೆಯ ಉತ್ತರದಲ್ಲಿ ಒಂದು ಇದ್ದರೆ ಅಡ್ಡಿಯಿಲ್ಲ. ಆಶ್ಚರ್ಯಸೂಚಕ ಚಿಹ್ನೆಗೂ ಇದೇ ಮಾತು.

## ಹಂತ 4: ಈಗ ತಿದ್ದಿ

ಮೊದಲು ವಾಸ್ತವ, ಕೆಲಸ, ಗಡುವು ಈ ಮೂರನ್ನು ತುಂಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ನಂತರ ಅವನ್ನು ಪೋಣಿಸಿ. ಹಳೆಯ ಉತ್ತರವನ್ನು ಎದುರಿಗಿಟ್ಟುಕೊಂಡು ವಾಕ್ಯಕ್ಕೆ ವಾಕ್ಯ ತಿದ್ದಬೇಡಿ, ಅದರ ಅನುಕ್ರಮವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.

ನಮ್ಮ ಪ್ರಸಂಗದಲ್ಲಿ ಸಾಮಾನ್ಯವಾಗಿ ಮೊದಲಿಗೆ ಬರುವ ಕರಡು ಇದು:

> ಮಾನ್ಯ ಗ್ರಾಹಕರೇ, ತಮಗೆ ಉಂಟಾಗಿರುವ ಅನಾನುಕೂಲತೆಗೆ ವಿಷಾದಿಸುತ್ತೇವೆ. ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದ್ದು, ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.

ಹೆಡ್‌ಫೋನ್ ತೆಗೆದು ಅಲ್ಲಿ ಫ್ಯಾನ್ ಇಟ್ಟರೂ, ಮರುಪಾವತಿ ತೆಗೆದು ಒಡೆದ ಪೆಟ್ಟಿಗೆ ಇಟ್ಟರೂ ಈ ಉತ್ತರ ಹೊಂದುತ್ತದೆ. ಯಾವ ದೂರಿಗಾದರೂ ಹೊಂದುವ ಉತ್ತರ ಈ ದೂರಿನದ್ದಲ್ಲ. ಕರಡು ಮುಗಿದ ಮೇಲೆ ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ. ‘ಸಹಕಾರಕ್ಕೆ ಧನ್ಯವಾದ’ ಎಂಬ ಸಾಲನ್ನಂತೂ ಕೂಡಲೇ ತೆಗೆಯಿರಿ; 16 ದಿನ ಹಣವಿಲ್ಲದೆ ಕಾದವರು ಸಹಕರಿಸಿದ್ದಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ.

ಎರಡನೆಯ ಕರಡಿಗೆ ವಾಸ್ತವ ಸೇರುತ್ತದೆ, ಆದರೆ ಜೊತೆಗೆ ಸಮಜಾಯಿಷಿಯೂ ಬಂದು ಸೇರುತ್ತದೆ:

> ನಮಸ್ಕಾರ. ನಿಮ್ಮ ಹೆಡ್‌ಫೋನ್ ಜೂನ್ 7ರಂದು ಗೋದಾಮು ತಲುಪಿದೆ. ಆದರೆ ಆ ವಾರ ನಮ್ಮಲ್ಲಿ ಹೊಸ ತಂತ್ರಾಂಶ ಅಳವಡಿಕೆ ನಡೆಯುತ್ತಿದ್ದುದರಿಂದ ಕೆಲವು ಮರುಪಾವತಿಗಳು ದಾಖಲಾಗದೆ ಉಳಿದುಹೋಗಿದ್ದವು. ನಿಮಗೆ ತೊಂದರೆಯಾಗಿದ್ದರೆ ಕ್ಷಮಿಸಿ. ನಾಳೆಯೊಳಗೆ ಸರಿಪಡಿಸುತ್ತೇವೆ.

ತಂತ್ರಾಂಶದ ಕಥೆ ಗ್ರಾಹಕರಿಗೆ ಬೇಕಿಲ್ಲ. ಅದಕ್ಕಿಂತಲೂ ಕೆಟ್ಟದ್ದೆಂದರೆ ‘ಕೆಲವು ಮರುಪಾವತಿಗಳು’ ಎಂಬ ಮಾತು: ಹಣ ಬಾರದ ಎಲ್ಲರೂ ಈಗ ತಮ್ಮದೂ ಅದರಲ್ಲಿದೆಯೇ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಅದು ನಿಜವಾಗಿದ್ದರೆ ಪ್ರತ್ಯೇಕ ಪೋಸ್ಟ್ ಹಾಕಿ ಎಲ್ಲರಿಗೂ ಹೇಳಬೇಕಾದ ಸಂಗತಿ, ಒಬ್ಬರ ಕಾಮೆಂಟ್ ಕೆಳಗೆ ಜಾರಿಸುವುದಲ್ಲ. ‘ನಾಳೆ’ ಎಂಬ ಪದವನ್ನೂ ಗಮನಿಸಿ. ಬಹಿರಂಗ ಉತ್ತರವನ್ನು ಮೂರು ವಾರ ಬಿಟ್ಟು ಓದುವವರಿರುತ್ತಾರೆ, ಅವರಿಗೆ ಯಾವ ನಾಳೆ? ದಿನಾಂಕವನ್ನೇ ಬರೆಯಬೇಕು.

ಮೂರನೆಯ ಕರಡು ಬರೆಯುವ ಮುನ್ನ ಒಂದು ಕೆಲಸ ಆಗಿಬಿಡಬೇಕು: ಹಣ ಕಳುಹಿಸಬೇಕು. ಉತ್ತರ ತಿದ್ದುವವರು ಲೆಕ್ಕಪತ್ರ ವಿಭಾಗದವರನ್ನು ಎಬ್ಬಿಸಿ ಮರುಪಾವತಿ ಹಾಕಿಸಿದ ಮೇಲೆಯೇ ಈ ವಾಕ್ಯಗಳು ಸಾಧ್ಯ:

> ನಮಸ್ಕಾರ. ಹೆಡ್‌ಫೋನ್ ಜೂನ್ 7ರಂದೇ ನಮಗೆ ತಲುಪಿತ್ತು. ಮರುಪಾವತಿಯನ್ನು ದಾಖಲಿಸದೆ ಬಿಟ್ಟಿದ್ದು ನಮ್ಮ ತಪ್ಪು. ಬ್ಯಾಂಕ್ ತಡ ಮಾಡಿರಬೇಕು ಎಂದು ಮೊದಲು ಹೇಳಿದ್ದೂ ತಪ್ಪು. ಎರಡಕ್ಕೂ ಕ್ಷಮೆ ಕೋರುತ್ತೇವೆ. ಇಂದು, ಜೂನ್ 18ರಂದು, ಹಣ ಕಳುಹಿಸಿದ್ದೇವೆ. ಪಾವತಿಯ ಉಲ್ಲೇಖ ಸಂಖ್ಯೆ ನಿಮ್ಮ ಇನ್‌ಬಾಕ್ಸ್‌ನಲ್ಲಿದೆ. ಜೂನ್ 25ರೊಳಗೆ ಖಾತೆಗೆ ಸೇರದಿದ್ದರೆ ನಾವೇ ಬ್ಯಾಂಕ್ ಜೊತೆ ಮಾತನಾಡಿ ಇಲ್ಲಿಯೇ ತಿಳಿಸುತ್ತೇವೆ. – ಗ್ರಾಹಕ ಸೇವಾ ತಂಡ

ಇದರಲ್ಲಿ ಕಠಿಣ ಪದ ಒಂದೂ ಇಲ್ಲ. ಮೂವರು ಮೂರು ಉತ್ತರ ಕೊಟ್ಟರು ಎಂಬ ದೂರಿಗೆ, ನಮ್ಮದೇ ಹಿಂದಿನ ಉತ್ತರ ತಪ್ಪು ಎಂದು ಒಪ್ಪಿಕೊಂಡು ಜವಾಬು ಕೊಟ್ಟಿದ್ದೇವೆ. ಹಣ ಇಂಥ ದಿನ ಸೇರುತ್ತದೆ ಎಂದು ಮಾತು ಕೊಟ್ಟಿಲ್ಲ, ಏಕೆಂದರೆ ಅದು ನಮ್ಮ ಕೈಯಲ್ಲಿಲ್ಲ. ಸೇರದಿದ್ದರೆ ನಾವು ಏನು ಮಾಡುತ್ತೇವೆ ಎಂದು ಮಾತ್ರ ಕೊಟ್ಟಿದ್ದೇವೆ. 25ನೆಯ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಯಾರ ಹೊಣೆ ಎಂದು ಹೆಸರು ಬರೆದ ಮೇಲೆಯೇ ಈ ಉತ್ತರ ಪ್ರಕಟಿಸಿ.

ಎಕ್ಸ್‌ನಲ್ಲಿ ಇದು ಹಿಡಿಸುವುದಿಲ್ಲ. ಅಲ್ಲಿ ಸಾಮಾನ್ಯ ಖಾತೆಗೆ 280 ಅಕ್ಷರಗಳ ಮಿತಿ, ಮತ್ತು ಕನ್ನಡದಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಕ್ಷಮಿಸಿ’ ಎಂಬುದು ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಏಳು. ಹಾಗಾಗಿ ಚಿಕ್ಕ ರೂಪವನ್ನೂ ಆಗಲೇ ಬರೆದಿಟ್ಟುಕೊಳ್ಳಬೇಕು. ಮೇಲಿನದರ ಚಿಕ್ಕ ರೂಪ ಹೀಗಿರಬಹುದು:

> ನಮಸ್ಕಾರ. ಮರುಪಾವತಿಯನ್ನು ದಾಖಲಿಸದೆ ಬಿಟ್ಟಿದ್ದು ನಮ್ಮ ತಪ್ಪು, ಬ್ಯಾಂಕಿನದಲ್ಲ. ಕ್ಷಮೆ ಕೋರುತ್ತೇವೆ. ಹಣವನ್ನು ಇಂದು (ಜೂನ್ 18) ಕಳುಹಿಸಿದ್ದೇವೆ, ವಿವರ ಇನ್‌ಬಾಕ್ಸ್‌ನಲ್ಲಿದೆ. ಜೂನ್ 25ರೊಳಗೆ ಸೇರದಿದ್ದರೆ ನಾವೇ ವಿಚಾರಿಸಿ ಇಲ್ಲಿ ತಿಳಿಸುತ್ತೇವೆ.

ಇದು ಸುಮಾರು 210 ಅಕ್ಷರ. ಚಿಕ್ಕದಾಗಿಸುವಾಗ ಮೊದಲು ಹೋಗಬೇಕಾದದ್ದು ಹಿನ್ನೆಲೆ. ತಪ್ಪಿನ ಒಪ್ಪಿಗೆ ಮತ್ತು ದಿನಾಂಕ ಕೊನೆಯವರೆಗೂ ಉಳಿಯಬೇಕು. ಜನ ಸಾಮಾನ್ಯವಾಗಿ ಇದನ್ನೇ ತಿರುಗುಮುರುಗು ಮಾಡುತ್ತಾರೆ.

## ಹಂತ 5: ಬಹಿರಂಗದಲ್ಲಿ ಎಷ್ಟು, ಇನ್‌ಬಾಕ್ಸ್‌ನಲ್ಲಿ ಎಷ್ಟು

‘ಇನ್‌ಬಾಕ್ಸ್‌ಗೆ ಬನ್ನಿ’ ಎಂಬುದು ಸಲಿಗೆಯ ಉತ್ತರಗಳ ಅಚ್ಚುಮೆಚ್ಚಿನ ಸಾಲು. ಅದೊಂದೇ ಇದ್ದರೆ ಓದುವ ಉಳಿದವರಿಗೆ ಸಂಸ್ಥೆ ದೂರನ್ನು ಕೋಣೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಂತೆ ಕಾಣುತ್ತದೆ. ವಿಷಯ ಏನು, ನಾವೇನು ಮಾಡುತ್ತಿದ್ದೇವೆ, ಯಾವ ದಿನದೊಳಗೆ ಎಂಬುದು ಬಹಿರಂಗದಲ್ಲಿ ಇರಲಿ. ಆರ್ಡರ್ ಸಂಖ್ಯೆ, ಫೋನ್, ವಿಳಾಸ, ಪಾವತಿಯ ವಿವರ ಇನ್‌ಬಾಕ್ಸ್‌ನಲ್ಲಿ. ಗ್ರಾಹಕರೇ ತಮ್ಮ ಫೋನ್ ಸಂಖ್ಯೆಯನ್ನು ಕಾಮೆಂಟ್‌ನಲ್ಲಿ ಬರೆದಿದ್ದರೆ ಮೊದಲು ಅದನ್ನು ಅಳಿಸಲು ವಿನಂತಿಸಿ, ನಿಮ್ಮ ಉತ್ತರದಲ್ಲಿ ಮತ್ತೆ ಬರೆಯಬೇಡಿ.

ಇದು ಬರೀ ಶಿಷ್ಟಾಚಾರದ ಮಾತಲ್ಲ. ದೂರು ಬಿದ್ದ ಕೂಡಲೇ ಸಂಸ್ಥೆಯ ಹೆಸರು, ಲಾಂಛನವನ್ನೇ ಹೋಲುವ ನಕಲಿ ಖಾತೆಗಳಿಂದ ‘ನಿಮ್ಮ ನಂಬರ್ ಕೊಡಿ, ಹಣ ವಾಪಸ್ ಹಾಕುತ್ತೇವೆ’ ಎಂಬ ಉತ್ತರ ಬರುತ್ತದೆ. ಮರುಪಾವತಿಗಾಗಿ ಕಾಯುತ್ತಿರುವವರು ಇದಕ್ಕೆ ಸುಲಭವಾಗಿ ಬೀಳುತ್ತಾರೆ, ಒಟಿಪಿ ಕೊಟ್ಟು ಖಾತೆಯಲ್ಲಿದ್ದುದನ್ನೂ ಕಳೆದುಕೊಳ್ಳುತ್ತಾರೆ. ನಮ್ಮ ಅಧಿಕೃತ ಉತ್ತರಗಳೇ ‘ನಂಬರ್ ಕೊಡಿ’ ಎನ್ನುವ ಧಾಟಿಯಲ್ಲಿದ್ದರೆ ನಕಲಿಗೂ ಅಸಲಿಗೂ ವ್ಯತ್ಯಾಸ ಕಾಣುವುದು ಹೇಗೆ? ಒಂದೇ ದನಿ ಇಟ್ಟುಕೊಳ್ಳುವುದರಿಂದ ಗ್ರಾಹಕರಿಗೆ ಸಿಗುವ ರಕ್ಷಣೆ ಇದು. ಹಣದ ವಿಷಯ ಬಂದ ಪ್ರತಿ ಉತ್ತರಕ್ಕೂ ‘ನಾವು ಒಟಿಪಿ ಅಥವಾ ಪಿನ್ ಕೇಳುವುದಿಲ್ಲ’ ಎಂಬ ಸಾಲು ಸೇರಿಸಬಹುದು. ಜಾಗ ಸಾಲದಿದ್ದರೆ ಅದೇ ಎಳೆಯಲ್ಲಿ ಎರಡನೆಯ ಉತ್ತರವಾಗಿ ಹಾಕಿ.

## ಹಂತ 6: ಹತ್ತು ಉತ್ತರಗಳನ್ನು ಸಾಲಾಗಿ ಓದಿ

ಒಂದೊಂದೇ ಉತ್ತರವನ್ನು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಪೇಜ್‌ಗೆ ಬಂದವರು ಓದುವುದು ಹಾಗಲ್ಲ. ಅವರ ಬೆರಳು ಜಾರುತ್ತಾ ಹೋಗುತ್ತದೆ, ಹತ್ತು ಕಾಮೆಂಟ್ ಕೆಳಗಿನ ಹತ್ತು ಉತ್ತರ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನೀವೂ ಹಾಗೆಯೇ ಓದಿ, ಸಾಧ್ಯವಾದರೆ ಗಟ್ಟಿಯಾಗಿ.

ಇಲ್ಲಿ ಎರಡು ದೋಷ ಕಾಣುತ್ತವೆ. ಬೆಳಗಿನ ಪಾಳಿಯವರು ಆತ್ಮೀಯವಾಗಿ, ರಾತ್ರಿ ಪಾಳಿಯವರು ಬಿಗಿಯಾಗಿ ಬರೆದಿರುವುದು ಒಂದು. ಎಲ್ಲರೂ ಅದೇ ಮೂರು ಸಾಲನ್ನು ಅಂಟಿಸಿರುವುದು ಇನ್ನೊಂದು. ಒಂದೇ ದನಿ ಬೇಕೆಂದು ಹೊರಟವರು ಮೊದಲನೆಯದನ್ನು ಸರಿಪಡಿಸುವ ಭರದಲ್ಲಿ ಎರಡನೆಯದಕ್ಕೆ ಬೀಳುತ್ತಾರೆ. ದನಿ ಒಂದೇ ಇರಬೇಕು, ವಾಕ್ಯ ಒಂದೇ ಇರಬಾರದು. ಅದಕ್ಕಾಗಿ ಸಿದ್ಧ ಉತ್ತರಗಳ ಬದಲು ಚೌಕಟ್ಟು ಇಟ್ಟುಕೊಳ್ಳಿ: ಆರಂಭದ ನಮಸ್ಕಾರ, ಕೊನೆಯ ಸಹಿ, ಒಟಿಪಿಯ ಎಚ್ಚರಿಕೆ ಸ್ಥಿರ, ನಡುವಿನ ವಾಸ್ತವ, ಕೆಲಸ, ಗಡುವು ಪ್ರತಿ ಸಲವೂ ಹೊಸದಾಗಿ ಬರೆಯಬೇಕಾದದ್ದು. ಚೌಕಟ್ಟಿನಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಬಿಡಿ. ಅಲ್ಲಿ ‘ಪರಿಶೀಲಿಸುತ್ತಿದ್ದೇವೆ’ ಎಂದು ಮಾದರಿ ತುಂಬಿಸಿಟ್ಟರೆ ಅದೇ ಪ್ರಕಟವಾಗುತ್ತದೆ.

ಇನ್ನೊಂದು ಪರೀಕ್ಷೆ: ಹೊಸ ಉತ್ತರಗಳನ್ನು ಬರೆದವರ ಹೆಸರಿಲ್ಲದೆ ತಂಡದವರ ಮುಂದಿಟ್ಟು, ಯಾರು ಬರೆದದ್ದು ಎಂದು ಕೇಳಿ. ತಟ್ಟನೆ ಗುರುತಿಸಿದರೆ ದನಿ ಇನ್ನೂ ಆ ವ್ಯಕ್ತಿಯದು, ಸಂಸ್ಥೆಯದಾಗಿಲ್ಲ. ಯಾವುದರಿಂದ ಗುರುತಿಸಿದರು ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ಪದವೋ ಪ್ರತ್ಯಯವೋ ಸಿಗುತ್ತದೆ. ಅದನ್ನು ಮೂರನೆಯ ಹಂತದ ಪುಟಕ್ಕೆ ಸೇರಿಸಿ.

## ಹಂತ 7: ಈಗಾಗಲೇ ಪ್ರಕಟವಾಗಿರುವ ಹಳೆಯ ಉತ್ತರಗಳು

ಕೈ ತುರಿಸುತ್ತದೆ, ಆದರೆ ಹಳೆಯ ಉತ್ತರವನ್ನು ಸದ್ದಿಲ್ಲದೆ ತಿದ್ದಬೇಡಿ. ಫೇಸ್‌ಬುಕ್‌ನಲ್ಲಿ ತಿದ್ದಿದ ಕಾಮೆಂಟ್‌ನ ಹಿಂದಿನ ರೂಪಗಳನ್ನೂ ಓದುಗರು ತೆರೆದು ನೋಡಬಹುದು, ಮತ್ತು ಸ್ಕ್ರೀನ್‌ಶಾಟ್ ಯಾರ ಬಳಿಯಲ್ಲಾದರೂ ಇರುತ್ತದೆ. ಕೆಳಗೆ ಗ್ರಾಹಕರು ಪ್ರತಿಕ್ರಿಯಿಸಿದ್ದರೆ ತಿದ್ದಿದ ಮೇಲೆ ಅವರ ಮಾತು ಅರ್ಥಹೀನವಾಗಿ ಕಾಣುತ್ತದೆ, ಅದು ಅವರಿಗೆ ಮಾಡುವ ಅನ್ಯಾಯ. ಅಕ್ಷರದೋಷ ಮಾತ್ರ ತಿದ್ದಿ. ವಿಷಯ ತಪ್ಪಿದ್ದರೆ ಹೊಸ ಉತ್ತರ ಸೇರಿಸಿ, ಹಿಂದಿನದು ತಪ್ಪು ಎಂದು ಅದರಲ್ಲಿಯೇ ಹೇಳಿ, ನಮ್ಮ ಪ್ರಸಂಗದಲ್ಲಿ ಮಾಡಿದಂತೆ. ಬೇರೆಯವರ ವೈಯಕ್ತಿಕ ವಿವರ ಹೊರಬಿದ್ದಿದ್ದರೆ ಮಾತ್ರ ಅಳಿಸಬೇಕು, ತಡಮಾಡದೆ.

ಹಿಂದಿನ 50 ಉತ್ತರಗಳಲ್ಲಿ ಎಲ್ಲಕ್ಕೂ ಹೊಸ ಉತ್ತರ ಹಾಕುವ ಅಗತ್ಯವಿಲ್ಲ. ದೂರು ಇನ್ನೂ ಬಗೆಹರಿಯದವುಗಳಿಗೆ, ಮತ್ತು ನಾವು ಸುಳ್ಳು ಕಾರಣ ಕೊಟ್ಟವುಗಳಿಗೆ ಹಾಕಿ. ಉಳಿದವು ಅಭ್ಯಾಸಕ್ಕೆ.

## ಭಾಷೆ ತಿದ್ದುವುದನ್ನು ನಿಲ್ಲಿಸಬೇಕಾದ ಲಕ್ಷಣಗಳು

ಕಾಮೆಂಟ್‌ನಲ್ಲಿ ಗಾಯ, ಬೆಂಕಿ, ವಿದ್ಯುತ್ ಆಘಾತ, ಮಕ್ಕಳು, ಪೊಲೀಸ್ ಅಥವಾ ವಕೀಲರ ಪ್ರಸ್ತಾಪವಿದ್ದರೆ ಇದು ಉತ್ತರ ಬರೆಯುವವರ ಕೆಲಸವಲ್ಲ. ‘ನಿಮ್ಮ ಸಂದೇಶ ಓದಿದ್ದೇವೆ, ಜವಾಬ್ದಾರಿಯುತ ಅಧಿಕಾರಿ ಇಂದು 5 ಗಂಟೆಯೊಳಗೆ ನಿಮ್ಮನ್ನು ಸಂಪರ್ಕಿಸುತ್ತಾರೆ. ಅಲ್ಲಿಯವರೆಗೆ ಆ ವಸ್ತುವನ್ನು ಬಳಸಬೇಡಿ’ ಎಂದು ಬರೆದು ಮೇಲಿನವರಿಗೆ ಒಪ್ಪಿಸಿ. ಆ ಅಧಿಕಾರಿಗೆ ಫೋನ್ ಮಾಡಿ ಒಪ್ಪಿಸಿದ ಮೇಲೆಯೇ ಗಂಟೆಯನ್ನು ಬರೆಯಿರಿ.

ಒಂದೇ ಎಳೆಯಲ್ಲಿ ನಮ್ಮ ಮೂರನೆಯ ಉತ್ತರ ಬರೆಯುತ್ತಿದ್ದೇವೆ ಎಂದರೆ ಬಹಿರಂಗದಲ್ಲಿ ವಾದ ಶುರುವಾಗಿದೆ. ನಿಲ್ಲಿಸಿ, ಫೋನ್ ಮಾಡಿ, ಫಲಿತಾಂಶವನ್ನು ಮಾತ್ರ ಆಮೇಲೆ ಎಳೆಯಲ್ಲಿ ಬರೆಯಿರಿ. ಬೇರೆ ಗ್ರಾಹಕರು ನಮ್ಮ ಬದಲು ಉತ್ತರ ಕೊಡಲು ಆರಂಭಿಸಿದ್ದರೆ ನಾವು ತಡವಾಗಿದ್ದೇವೆ. ಅವರು ಹೇಳಿದ್ದು ಸರಿಯೇ ತಪ್ಪೇ ಎಂದು ಅಲ್ಲಿಯೇ ಸ್ಪಷ್ಟಪಡಿಸಬೇಕು, ಇಲ್ಲದಿದ್ದರೆ ಅವರ ಊಹೆಯೇ ನಮ್ಮ ನಿಯಮವಾಗಿ ಹರಡುತ್ತದೆ.

ಕೊನೆಯದಾಗಿ, ಹಾಳೆಯ ನಾಲ್ಕನೆಯ ಕಾಲಂನಲ್ಲಿ ಅದೇ ವಾಸ್ತವ ಮೂರು, ನಾಲ್ಕು ಸಲ ಬರುತ್ತಿದ್ದರೆ, ನಮ್ಮ ಪ್ರಸಂಗದಲ್ಲಿ ‘ಪರೀಕ್ಷೆ ಮುಗಿದಿದೆ, ಮರುಪಾವತಿ ದಾಖಲಾಗಿಲ್ಲ’ ಎಂಬಂತೆ, ಆ ಸಾಲುಗಳನ್ನು ದಿನಾಂಕ ಸಮೇತ ಪ್ರತ್ಯೇಕಿಸಿ ಗೋದಾಮು ಮತ್ತು ಲೆಕ್ಕಪತ್ರ ವಿಭಾಗದವರ ಮೇಜಿನ ಮೇಲಿಡಿ. ಐದನೆಯ ಸಲ ಅದಕ್ಕೆ ಕ್ಷಮೆಯ ವಾಕ್ಯ ಹೆಣೆಯಲು ಒಪ್ಪಿಕೊಳ್ಳಬೇಡಿ.